ಗೋಡೆಯ ಪೋಸ್ಟರಿನಿಂದ ಎಂಟು ನಿಮಿಷದ ಮಾತಿಗೆ

(ವಿಜಯಪುರದಲ್ಲಿ ಕೃಷಿ, ತೋಟಗಾರಿಕೆ ಮತ್ತು ಆಹಾರ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಇಲ್ಲಿ ಕುಳಿತಿರುವ ಬಹಳಷ್ಟು ಜನರು ಒಂದಲ್ಲ ಒಂದು ಸಮ್ಮೇಳನದಲ್ಲಿ ಪೋಸ್ಟರ್ ಹಚ್ಚಿದವರು. ಪೋಸ್ಟರ್ ಸ್ವೀಕಾರವಾದ ಕೆಲವು ದಿನಗಳ ನಂತರ ಸಂಘಟಕರಿಂದ ಇನ್ನೊಂದು ಪತ್ರ ಬರುವುದುಂಟು: ನಿಮ್ಮ ಪೋಸ್ಟರನ್ನು ಮೌಖಿಕ ಮಂಡನೆಗೂ ಆಯ್ಕೆ ಮಾಡಲಾಗಿದೆ, ಎಂಟು ನಿಮಿಷ ಮಾತು, ಎರಡು ನಿಮಿಷ ಪ್ರಶ್ನೆ, ಸ್ಲೈಡುಗಳನ್ನು ಮೊದಲೇ ಕಳುಹಿಸಿಕೊಡಿ. ಪತ್ರ ಓದಿದ ವಿದ್ಯಾರ್ಥಿ ಮೊದಲು ಮಾಡುವ ಕೆಲಸವೆಂದರೆ ಪೋಸ್ಟರಿನ ಕಡತವನ್ನು ತೆರೆದು, ಪೀಠಿಕೆಯ ಚೌಕವನ್ನು ಒಂದು ಸ್ಲೈಡಿಗೆ, ಉದ್ದೇಶದ ಚೌಕವನ್ನು ಇನ್ನೊಂದಕ್ಕೆ, ವಿಧಾನದ ಚೌಕವನ್ನು ಮತ್ತೊಂದಕ್ಕೆ ಹೀಗೆ ಕತ್ತರಿಸಿ ಅಂಟಿಸುತ್ತಾ ಹೋಗುವುದು. ಒಂದು ಗಂಟೆಯಲ್ಲಿ ಹದಿನೈದು ಸ್ಲೈಡುಗಳು ಸಿದ್ಧವಾಗುತ್ತವೆ, ಆದರೆ ಮಾತು ಸಿದ್ಧವಾಗಿರುವುದಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಆ ಒಂದು ಗಂಟೆಯ ಕೆಲಸವನ್ನು ಬೇರೆ ತುದಿಯಿಂದ ಹೇಗೆ ಪ್ರಾರಂಭಿಸಬೇಕು ಎಂಬುದನ್ನು.

ನಾನು ವಿದ್ಯಾರ್ಥಿಯಾಗಿದ್ದಾಗ ಕತ್ತರಿಸುವ ಗೋಜಿಗೂ ಹೋಗಿರಲಿಲ್ಲ. ಪೋಸ್ಟರಿನ ಪಿಡಿಎಫ್ ಕಡತವನ್ನೇ ಪರದೆಯ ಮೇಲೆ ತೆರೆದು, ಬೇಕಾದ ಭಾಗವನ್ನು ದೊಡ್ಡದು ಮಾಡಿ ತೋರಿಸುತ್ತಾ ಮಾತನಾಡಿದರಾಯಿತು ಎಂದುಕೊಂಡಿದ್ದೆ. ಪೋಸ್ಟರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸುವಾಗಲೆಲ್ಲ ಪರದೆಯ ಮೇಲೆ ಅಕ್ಷರಗಳು ಓಡಾಡಿದವು, ಕೇಳುವವರಿಗೆ ತಾವು ಯಾವ ಭಾಗದಲ್ಲಿದ್ದೇವೆ ಎಂಬುದು ತಿಳಿಯಲಿಲ್ಲ, ನಾನು ಇನ್ನೂ ವಿಧಾನದ ಚೌಕದಲ್ಲಿದ್ದಾಗಲೇ ಗಂಟೆ ಬಾರಿಸಿತು. ಎರಡು ವರ್ಷ ದುಡಿದು ಪಡೆದ ಫಲಿತಾಂಶವನ್ನು ಆ ಸಭೆಗೆ ನಾನು ತೋರಿಸಲೇ ಇಲ್ಲ. ಆ ದಿನದ ಬೇಸರ ಇಂದಿಗೂ ನನ್ನಲ್ಲಿದೆ, ಈ ವಿಷಯವನ್ನು ಇಷ್ಟು ವಿವರವಾಗಿ ಹೇಳಬೇಕೆನ್ನಿಸುವುದಕ್ಕೆ ಅದೂ ಒಂದು ಕಾರಣ.

ಪೋಸ್ಟರಿನ ಮುಂದೆ ನಿಂತವನಿಗೆ ತನ್ನ ಕಣ್ಣನ್ನು ಎಲ್ಲಿಗೆ ಬೇಕಾದರೂ ಒಯ್ಯುವ ಸ್ವಾತಂತ್ರ್ಯವಿದೆ. ಮೊದಲು ಶೀರ್ಷಿಕೆ, ನಂತರ ನೇರವಾಗಿ ನಕ್ಷೆ, ಸಂಶಯ ಬಂದರೆ ವಿಧಾನ, ಮತ್ತೆ ನಕ್ಷೆ, ಹೀಗೆ ಆತ ತನ್ನದೇ ದಾರಿಯಲ್ಲಿ ಓದುತ್ತಾನೆ. ನಕ್ಷೆಯ ಕೆಳಗಿನ ಅಡಿಟಿಪ್ಪಣಿ ಆತನ ಕಣ್ಣಳತೆಯಲ್ಲೇ ಇರುತ್ತದೆ. ಪಕ್ಕದಲ್ಲಿ ನಿಂತ ನೀವು ಬೆರಳಿಟ್ಟು, ಈ ಗೆರೆಯನ್ನು ನೋಡಿರಿ ಎಂದು ಹೇಳುತ್ತೀರಿ. ಸಭೆಯಲ್ಲಿ ಈ ಮೂರೂ ಇಲ್ಲ. ಯಾವುದನ್ನು ಯಾವಾಗ ನೋಡಬೇಕೆಂಬುದು ಕೇಳುವವರ ಕೈಯಲ್ಲಿಲ್ಲ, ಹಿಂದಿನ ಸ್ಲೈಡಿಗೆ ಮರಳಿ ಹೋಗಲು ಅವರಿಗೆ ಬರುವುದಿಲ್ಲ, ನಿಮ್ಮ ಬೆರಳು ಪರದೆಗೆ ಮುಟ್ಟುವುದಿಲ್ಲ. ಆದುದರಿಂದ ಪೋಸ್ಟರಿನಲ್ಲಿ ಜಾಗ ಮಾಡುತ್ತಿದ್ದ ಕೆಲಸವನ್ನು ಸ್ಲೈಡುಗಳಲ್ಲಿ ಅನುಕ್ರಮ ಮಾಡಬೇಕು, ಬೆರಳು ಮಾಡುತ್ತಿದ್ದ ಕೆಲಸವನ್ನು ಸ್ಲೈಡಿನ ಮೇಲೆಯೇ ಬರೆದ ಗುರುತು ಮಾಡಬೇಕು, ಅಡಿಟಿಪ್ಪಣಿ ಮಾಡುತ್ತಿದ್ದ ಕೆಲಸವನ್ನು ಶೀರ್ಷಿಕೆಯ ವಾಕ್ಯ ಮಾಡಬೇಕು.

ಉದಾಹರಣೆಗೆ ನಮ್ಮ ಜಿಲ್ಲೆಯದೇ ವಿಷಯವನ್ನು ತೆಗೆದುಕೊಳ್ಳುತ್ತೇನೆ. ತಿಕೋಟಾದ ಕಡೆಗೆ ಹೋದವರಿಗೆಲ್ಲ ದ್ರಾಕ್ಷಿ ಒಣಗಿಸುವ ಶೆಡ್‌ಗಳು ಗೊತ್ತು. ಹಣ್ಣಿನ ಸಿಪ್ಪೆಯ ಮೇಲೆ ತೆಳುವಾದ ಮೇಣದ ಪದರ ಇರುವುದರಿಂದ ಒಳಗಿನ ನೀರು ಸುಲಭವಾಗಿ ಹೊರಬರುವುದಿಲ್ಲ. ಅದಕ್ಕಾಗಿ ರೈತರು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು 15 ಮಿಲಿ ಲೀಟರ್ ಡಿಪ್ಪಿಂಗ್ ಆಯಿಲ್ ಬೆರೆಸಿದ ದ್ರಾವಣದಲ್ಲಿ ಗೊಂಚಲುಗಳನ್ನು ಕೆಲವು ನಿಮಿಷ ಅದ್ದಿ, ನಂತರ ನೆರಳಿನಲ್ಲಿ ಬಲೆಯ ಅಂತಸ್ತುಗಳ ಮೇಲೆ ಹರಡುತ್ತಾರೆ. ಸುಮಾರು ಎರಡು ವಾರದಲ್ಲಿ ಮನೂಕ ಸಿದ್ಧವಾಗುತ್ತದೆ. ಈ ವಿಷಯದ ಮೇಲೆ ಒಂದು ಪೋಸ್ಟರ್ ಇದೆಯೆಂದು ಭಾವಿಸಿರಿ. ಅದ್ದದೆ ಒಣಗಿಸಿದ ಹಣ್ಣು, ಒಮ್ಮೆ ಅದ್ದಿದ ಹಣ್ಣು, ಅದ್ದಿ ಮೂರನೆಯ ದಿನ ಶೆಡ್ಡಿನಲ್ಲಿಯೇ ಮತ್ತೊಮ್ಮೆ ಅದೇ ದ್ರಾವಣವನ್ನು ಸಿಂಪಡಿಸಿದ ಹಣ್ಣು, ಈ ಮೂರರ ಹೋಲಿಕೆ. ಈ ಪೋಸ್ಟರನ್ನು ಇಂದಿನ ಮಾತಿಗೆಂದೇ ನಾನು ಕಟ್ಟಿಕೊಂಡಿದ್ದೇನೆ. ಮುಂದೆ ಹೇಳುವ ಫಲಿತಾಂಶದ ಅಂಕಿಗಳು ಯಾವ ಪ್ರಯೋಗದವೂ ಅಲ್ಲ, ವಿವರಣೆಗೆ ಇಟ್ಟುಕೊಂಡವು. ದಯಮಾಡಿ ಅವುಗಳನ್ನು ಬೇರೆಲ್ಲಿಯೂ ಉಲ್ಲೇಖಿಸಬೇಡಿರಿ.

ಪೋಸ್ಟರಿನ ಅಳತೆ ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಅದರಲ್ಲಿ ಪೀಠಿಕೆಯಿಂದ ಕೃತಜ್ಞತೆಯವರೆಗೆ ಎಂಟು ಚೌಕಗಳು, ಏಳು ಕಂಬಸಾಲಿನ ಒಂದು ಕೋಷ್ಟಕ, ಮೂರು ನಕ್ಷೆ, ನಾಲ್ಕು ಛಾಯಾಚಿತ್ರ. ಇದರಿಂದ ಎಂಟು ನಿಮಿಷಕ್ಕೆ ಏನನ್ನು ಎತ್ತಿಕೊಳ್ಳಬೇಕು?

ಇದಕ್ಕೆ ಉತ್ತರ ಪೋಸ್ಟರಿನಲ್ಲಿ ಸಿಗುವುದಿಲ್ಲ, ಅದರ ಮುಂದೆ ನಿಂತ ಜನರಲ್ಲಿ ಸಿಗುತ್ತದೆ. ಪೋಸ್ಟರನ್ನು ಈಗಾಗಲೇ ಎಲ್ಲಿಯಾದರೂ ಹಚ್ಚಿದ್ದರೆ, ಜನರು ಎಲ್ಲಿ ನಿಂತರು, ಏನು ಕೇಳಿದರು ಎಂಬುದನ್ನು ನೆನಪಿಸಿಕೊಂಡು ಒಂದು ಹಾಳೆಯ ಮೇಲೆ ಬರೆಯಿರಿ. ಎಲ್ಲಿಯೂ ಹಚ್ಚಿರದಿದ್ದರೆ ವಿಭಾಗದ ಮೊಗಸಾಲೆಯಲ್ಲಿ ಅರ್ಧ ದಿನ ತೂಗುಹಾಕಿ, ಬೇರೆ ವಿಭಾಗದ ನಾಲ್ಕೈದು ಜನರನ್ನು ಕರೆದು ನಿಲ್ಲಿಸಿರಿ. ನನ್ನ ಅನುಭವದಲ್ಲಿ ಎಂಟು ಜನರಲ್ಲಿ ಆರು ಜನರು ಒಂದೇ ನಕ್ಷೆಯ ಮುಂದೆ ನಿಲ್ಲುತ್ತಾರೆ, ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ. ನಮ್ಮ ಪೋಸ್ಟರಿನ ಮಟ್ಟಿಗೆ ಆ ಪ್ರಶ್ನೆ ಇದು: ಇನ್ನೊಂದು ಸಲ ಸಿಂಪಡಿಸುವ ಖರ್ಚಿಗೆ ತಕ್ಕಂತೆ ದಿನಗಳೇನಾದರೂ ಉಳಿಯುತ್ತವೆಯೇ? ಇದಕ್ಕೆ ಉತ್ತರ ಕೊಡುವ ನಕ್ಷೆ, ದಿನದಿಂದ ದಿನಕ್ಕೆ ತೇವಾಂಶ ಇಳಿಯುವುದನ್ನು ತೋರಿಸುವ ಮೂರು ಗೆರೆಗಳ ನಕ್ಷೆ. ಮಾತಿನ ನಡುವಿಗೆ ಬರಬೇಕಾದುದು ಅದು. ಉಳಿದ ಪ್ರತಿಯೊಂದು ಭಾಗವನ್ನೂ ಎತ್ತಿ ಹಿಡಿದು, ಈ ನಕ್ಷೆಯನ್ನು ಅರ್ಥ ಮಾಡಿಕೊಳ್ಳಲು ಇದು ಬೇಕೇ ಎಂದು ಕೇಳಿರಿ. ಬೇಡವೆಂದಾದರೆ ಅದು ಪೋಸ್ಟರಿನಲ್ಲಿಯೇ ಇರಲಿ. ಆಕರಗಳ ಪಟ್ಟಿ, ಸಕ್ಕರೆ ಮತ್ತು ಆಮ್ಲದ ನಕ್ಷೆ, ಮೂರು ಛಾಯಾಚಿತ್ರಗಳು ಹೀಗೆ ಹಿಂದುಳಿಯುತ್ತವೆ. ಉದ್ದೇಶಗಳ ಚೌಕವೂ ಹಿಂದುಳಿಯುತ್ತದೆ, ಏಕೆಂದರೆ ಸಮಸ್ಯೆಯನ್ನು ಸರಿಯಾಗಿ ಹೇಳಿದ ಮೇಲೆ ಉದ್ದೇಶ ಏನೆಂಬುದು ತಾನಾಗಿ ತಿಳಿಯುತ್ತದೆ.

ನಕ್ಷೆಯನ್ನು ಪೋಸ್ಟರಿನಿಂದ ಸ್ಲೈಡಿಗೆ ತರುವಾಗ ಆಗುವ ತೊಂದರೆಯನ್ನು ಲೆಕ್ಕದಿಂದಲೇ ನೋಡೋಣ. ಅಗಲ ಪರದೆಯ ಸ್ಲೈಡಿನ ಎತ್ತರ 19.05 ಸೆಂಟಿಮೀಟರ್, ಅಗಲ 33.87 ಸೆಂಟಿಮೀಟರ್. ಪೋಸ್ಟರಿನ ಎತ್ತರ ಸುಮಾರು 120 ಸೆಂಟಿಮೀಟರ್. ಇಡೀ ಪೋಸ್ಟರನ್ನು ಚಿತ್ರವಾಗಿ ಸ್ಲೈಡಿಗೆ ಕೂಡಿಸಿದರೆ ಎಲ್ಲವೂ ಆರು ಪಟ್ಟಿಗಿಂತ ಹೆಚ್ಚು ಕುಗ್ಗುತ್ತವೆ, ಅಂದರೆ ಪೋಸ್ಟರಿನ 28 ಪಾಯಿಂಟಿನ ಅಕ್ಷರ ಸ್ಲೈಡಿನಲ್ಲಿ ನಾಲ್ಕೂವರೆ ಪಾಯಿಂಟಿಗೆ ಇಳಿಯುತ್ತದೆ. ನಕ್ಷೆಯನ್ನಷ್ಟೇ ಚಿತ್ರವಾಗಿ ತಂದರೆ ಕುಗ್ಗುವಿಕೆ ಕಡಿಮೆ, ಆದರೆ ಅಕ್ಷದ ಅಂಕಿಗಳು ಪೋಸ್ಟರಿನಲ್ಲಿಯೇ ಮಿಕ್ಕ ಅಕ್ಷರಗಳಿಗಿಂತ ಸಣ್ಣವಾಗಿರುವುದರಿಂದ ಹಿಂದಿನ ಸಾಲಿನವರಿಗೆ ಅವು ಚುಕ್ಕೆಗಳಾಗಿ ಕಾಣುತ್ತವೆ. ನಕ್ಷೆಯನ್ನು ಚಿತ್ರವಾಗಿ ತರದೆ ತಿದ್ದಲು ಬರುವ ನಕ್ಷೆಯಾಗಿಯೇ ಅಂಟಿಸಿದರೆ ಇದಕ್ಕೆ ತಿರುಗಿದ ತೊಂದರೆ: ನಕ್ಷೆಯ ಚೌಕಟ್ಟನ್ನು ಎಳೆದು ಚಿಕ್ಕದು ಮಾಡಿದರೂ ಅಕ್ಷರದ ಗಾತ್ರ ಇಳಿಯುವುದಿಲ್ಲ, ಅಂಕಿಗಳು ಒಂದರ ಮೇಲೊಂದು ಬೀಳುತ್ತವೆ. ಹೀಗಾಗಿ ನಕ್ಷೆಯನ್ನು ಮೂಲ ಅಂಕಿಗಳಿಂದ ಸ್ಲೈಡಿನ ಅಳತೆಗೆ ಹೊಸದಾಗಿ ಬರೆಯುವುದೇ ಸರಿ. ಅರ್ಧ ಗಂಟೆಯ ಕೆಲಸವಾದರೂ ಈ ಇಡೀ ಪರಿವರ್ತನೆಯಲ್ಲಿ ಅತ್ಯಂತ ಸಾರ್ಥಕವಾಗಿ ಕಳೆಯುವ ಅರ್ಧ ಗಂಟೆ ಅದು.

ಅಕ್ಷರ ಸಾಕಷ್ಟು ದೊಡ್ಡದಿದೆಯೇ ಎಂಬುದನ್ನು ಸಭಾಂಗಣಕ್ಕೆ ಹೋಗದೆಯೇ ಪರೀಕ್ಷಿಸಬಹುದು. ಪರದೆ ಎಂಟು ಅಡಿ ಅಗಲವಿದ್ದು, ಕೊನೆಯ ಸಾಲು ನಲವತ್ತು ಅಡಿ ದೂರವಿದ್ದರೆ, ಕೊನೆಯ ಸಾಲಿನವರು ಪರದೆಯ ಅಗಲದ ಐದು ಪಟ್ಟು ದೂರದಲ್ಲಿ ಕುಳಿತಿದ್ದಾರೆ ಎಂದರ್ಥ. ಸಾಮಾನ್ಯ 15.6 ಇಂಚಿನ ಲ್ಯಾಪ್‌ಟಾಪಿನ ಪರದೆ ಸುಮಾರು 34 ಸೆಂಟಿಮೀಟರ್ ಅಗಲ. ಅದರ ಐದು ಪಟ್ಟು ಒಂದು ಮೀಟರ್ 70 ಸೆಂಟಿಮೀಟರ್. ಸ್ಲೈಡನ್ನು ಪೂರ್ಣ ಪರದೆಗೆ ಹಾಕಿ ಅಷ್ಟು ಹಿಂದೆ ನಿಂತು ನೋಡಿರಿ. ಅಕ್ಷದ ಅಂಕಿಗಳು ಓದಲು ಬಂದರೆ ಸರಿ, ಬರದಿದ್ದರೆ ಕೊನೆಯ ಸಾಲಿನವರಿಗೂ ಬರುವುದಿಲ್ಲ. ಕನ್ನಡದ ಅಕ್ಷರಕ್ಕೆ ಇನ್ನೂ ಸ್ವಲ್ಪ ಉದಾರವಾಗಿ ಜಾಗ ಕೊಡಬೇಕಾಗುತ್ತದೆ. ಮುಖ್ಯ ಅಕ್ಷರ ಓದಲು ಬಂದರೂ ಅದರ ಒತ್ತು ಮಸುಕಾಗಿ, ತೂಕದ ಇಳಿತ ಎಂಬುದು ಗೊತ್ತಾದರೂ ಮೇಣದ ದ್ರಾವಣ ಎಂಬುದು ಗೊತ್ತಾಗದ ಸ್ಥಿತಿ ಬರುತ್ತದೆ. ನಾನು ಕನ್ನಡದ ಸ್ಲೈಡುಗಳಲ್ಲಿ 28 ಪಾಯಿಂಟಿಗಿಂತ ಕೆಳಗೆ ಇಳಿಯುವುದಿಲ್ಲ, ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸುತ್ತೇನೆ.

ಅಕ್ಷರದ ಮಾತು ಬಂದುದರಿಂದ ನಮ್ಮ ಊರುಗಳಲ್ಲಿ ಬಹಳ ಜನರಿಗೆ ಎದುರಾಗುವ ಒಂದು ತೊಡಕನ್ನು ಇಲ್ಲಿಯೇ ಹೇಳುತ್ತೇನೆ. ನಮ್ಮಲ್ಲಿ ಪೋಸ್ಟರನ್ನು ಹಲವರು ಫ್ಲೆಕ್ಸ್ ಅಂಗಡಿಯಲ್ಲಿ ಕೋರಲ್‌ಡ್ರಾದಲ್ಲಿ ಮಾಡಿಸುತ್ತಾರೆ, ಕನ್ನಡವನ್ನು ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿಸುತ್ತಾರೆ. ಆ ಕಡತದಿಂದ ಒಂದು ಸಾಲನ್ನು ನಕಲಿಸಿ ಸ್ಲೈಡಿಗೆ ಅಂಟಿಸಿದರೆ, ಕನ್ನಡ ಎಂಬ ಪದ ಇರಬೇಕಾದಲ್ಲಿ `PÀ£ÀßqÀ` ಎಂದು ಕಾಣುತ್ತದೆ. ಆ ಫಾಂಟ್ ನಿಮ್ಮ ಗಣಕದಲ್ಲಿದ್ದರೆ ಫಾಂಟ್ ಬದಲಿಸಿ ಸರಿಪಡಿಸಿಕೊಂಡೆವೆಂದು ನೀವು ಸಮಾಧಾನಪಡುತ್ತೀರಿ. ಸಮ್ಮೇಳನದ ಗಣಕದಲ್ಲಿ ಆ ಫಾಂಟ್ ಇಲ್ಲದಿದ್ದರೆ ಅದೇ ಗೊಜಲು ಸಭೆಯ ಮುಂದೆ ಮತ್ತೆ ತೆರೆದುಕೊಳ್ಳುತ್ತದೆ. ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು ಸ್ಲೈಡಿನಲ್ಲಿ ಬಳಸುವುದೊಂದೇ ಇದಕ್ಕೆ ನಂಬಬಹುದಾದ ದಾರಿ. ಪರಿವರ್ತನೆಯಾದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ಓದಿರಿ, ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲಿಯೇ. ಮುದ್ರಣದ ಮೊದಲು ಅಂಗಡಿಯವರು `Convert to Curves` ಮಾಡಿಬಿಟ್ಟಿದ್ದರೆ ಅಕ್ಷರಗಳು ಗೆರೆಗಳಾಗಿ ಹೋಗಿರುತ್ತವೆ, ಅವುಗಳನ್ನು ಪಠ್ಯವಾಗಿ ಮರಳಿ ಪಡೆಯಲು ಬರುವುದಿಲ್ಲ. ಆದುದರಿಂದ ಪೋಸ್ಟರ್ ಮಾಡಿಸಿದ ದಿನವೇ ಹಾಗೆ ಮಾಡುವ ಮೊದಲಿನ ಕಡತದ ಒಂದು ಪ್ರತಿಯನ್ನು ಕೇಳಿ ತೆಗೆದುಕೊಳ್ಳಿರಿ.

ಈಗ ಮೂರು ಗೆರೆಗಳ ನಕ್ಷೆಗೆ ಬರೋಣ. ಅಡ್ಡ ಅಕ್ಷದಲ್ಲಿ ದಿನಗಳು, ಉದ್ದ ಅಕ್ಷದಲ್ಲಿ ಶೇಕಡಾ ತೇವಾಂಶ. ಮೂರೂ ಗೆರೆಗಳು 78ರಿಂದ ಹೊರಟು 16ರ ಕಡೆಗೆ ಇಳಿಯುತ್ತವೆ. 16ಕ್ಕೆ ಮುಟ್ಟಿದ ದಿನ ಶೆಡ್ ಖಾಲಿ ಮಾಡಲಾಗಿದೆ. ಅದ್ದದ ಹಣ್ಣಿಗೆ 24 ದಿನ, ಅದ್ದಿದ ಹಣ್ಣಿಗೆ 15 ದಿನ, ಮತ್ತೆ ಸಿಂಪಡಿಸಿದ ಹಣ್ಣಿಗೆ 13 ದಿನ. ಪೋಸ್ಟರಿನ ಮುಂದೆ ನಿಂತವನಿಗೆ ಮೂರು ಗೆರೆಗಳನ್ನು ಒಟ್ಟಿಗೆ ತೋರಿಸಿದರೆ ತೊಂದರೆಯಿಲ್ಲ, ಆತ ಒಂದೊಂದಾಗಿ ನೋಡಿಕೊಳ್ಳುತ್ತಾನೆ. ಸಭೆಗೆ ಒಟ್ಟಿಗೆ ತೋರಿಸಿದರೆ ನೀವು ಅಕ್ಷಗಳನ್ನು ವಿವರಿಸುತ್ತಿರುವಾಗ ಅವರು ಗೆರೆಗಳನ್ನು ಹೋಲಿಸುತ್ತಿರುತ್ತಾರೆ, ನೀವು ಗೆರೆಗಳಿಗೆ ಬರುವಷ್ಟರಲ್ಲಿ ತಮಗೆ ತೋಚಿದ ಯಾವುದೋ ತೀರ್ಮಾನಕ್ಕೆ ಬಂದಿರುತ್ತಾರೆ. ಅದಕ್ಕಾಗಿ ಒಂದೇ ನಕ್ಷೆಯನ್ನು ಮೂರು ಸ್ಲೈಡುಗಳಲ್ಲಿ ಕಟ್ಟಬೇಕು.

ಯಾವ ಗೆರೆ ಮೊದಲು ಬರಬೇಕೆಂಬುದನ್ನು ವಿಚಾರಿಸಿಯೇ ನಿರ್ಧರಿಸಬೇಕು. ಕೋಷ್ಟಕದಲ್ಲಿ ಅದ್ದದ ಹಣ್ಣು ಮೊದಲ ಸಾಲಿನಲ್ಲಿರುತ್ತದೆ, ಏಕೆಂದರೆ ಅದು ನಿಯಂತ್ರಣ ಉಪಚಾರ. ಆದರೆ ಕೇಳುವವರಿಗೆ ಪರಿಚಯವಿರುವುದು ಒಮ್ಮೆ ಅದ್ದಿದ ಹಣ್ಣು, ಇಂದು ರೈತರು ಮಾಡುತ್ತಿರುವುದೇ ಅದನ್ನು. ಪರಿಚಿತವಾದುದರಿಂದ ಹೊರಟರೆ ಅಕ್ಷಗಳು ಬೇಗನೆ ಅರ್ಥವಾಗುತ್ತವೆ. ಮೊದಲ ಸ್ಲೈಡಿನಲ್ಲಿ ಆ ಒಂದೇ ಗೆರೆ, ಜೊತೆಗೆ 16ರ ಮಟ್ಟದಲ್ಲಿ ಒಂದು ತೆಳುವಾದ ಅಡ್ಡಗೆರೆ, ಅದರ ಮೇಲೆ ಶೆಡ್ ಖಾಲಿ ಮಾಡುವ ಮಟ್ಟ ಎಂಬ ಬರಹ. ಎರಡನೆಯ ಸ್ಲೈಡಿನಲ್ಲಿ ಅದ್ದದ ಹಣ್ಣಿನ ಗೆರೆ ಸೇರುತ್ತದೆ, ಮೇಣದ ಪದರ ಎಷ್ಟು ತಡೆಯುತ್ತದೆ ಎಂಬುದು ಆ ಎರಡು ಗೆರೆಗಳ ನಡುವಿನ ಅಂತರದಲ್ಲಿ ಕಾಣುತ್ತದೆ. ಮೂರನೆಯ ಸ್ಲೈಡಿನಲ್ಲಿ ಅದ್ದದ ಹಣ್ಣಿನ ಗೆರೆಯನ್ನು ಬೂದು ಬಣ್ಣಕ್ಕೆ ತಿರುಗಿಸಿ ಹಿಂದೆ ಸರಿಸಬೇಕು, ಸಿಂಪಡಿಸಿದ ಹಣ್ಣಿನ ಗೆರೆಯನ್ನು ದಪ್ಪವಾಗಿ ತರಬೇಕು, 13 ಮತ್ತು 15ರ ಬಳಿ ಅಡ್ಡ ಅಕ್ಷಕ್ಕೆ ಎರಡು ಚುಕ್ಕೆಗೆರೆ ಇಳಿಸಿ, ನಡುವೆ 2 ದಿನ ಎಂದು ಬರೆಯಬೇಕು. ಪೋಸ್ಟರಿನ ಮುಂದೆ ನಿಮ್ಮ ಬೆರಳು ಇರುತ್ತಿದ್ದ ಜಾಗ ಅದು. ಗೆರೆಗಳ ಹೆಸರನ್ನು ಬದಿಯ ಚೌಕದಲ್ಲಿ ಬಣ್ಣದ ಗುರುತಿನೊಂದಿಗೆ ಇಡದೆ ಗೆರೆಯ ತುದಿಯಲ್ಲಿಯೇ ಬರೆಯಿರಿ. ದೂರದಲ್ಲಿ ಕುಳಿತವರು ಬಣ್ಣ ಹೊಂದಿಸುವ ಕೆಲಸ ಮಾಡಲಾರರು, ಕೆಂಪು ಮತ್ತು ಹಸಿರಿನ ಭೇದ ಕಾಣದವರೂ ಸಭೆಯಲ್ಲಿ ಇರುತ್ತಾರೆ. ಫ್ಲೆಕ್ಸಿನ ಮೇಲೆ ಚೆನ್ನಾಗಿ ಕಂಡ ತಿಳಿ ಹಳದಿ ಗೆರೆ, ದೀಪ ಹಚ್ಚಿದ ಸಭಾಂಗಣದ ಪರದೆಯ ಮೇಲೆ ಇಲ್ಲವೇ ಇಲ್ಲವೆಂಬಂತೆ ಮಾಯವಾಗುತ್ತದೆ.

ಈ ಹಂತದಲ್ಲಿ ಒಂದು ತಪ್ಪು ಮೇಲಿಂದ ಮೇಲೆ ನಡೆಯುತ್ತದೆ. ಮೂರು ಗೆರೆಗಳ ನಕ್ಷೆಯಿಂದ ಎರಡು ಗೆರೆಗಳನ್ನು ಅಳಿಸಿದ ಕೂಡಲೇ ತಂತ್ರಾಂಶವು ಉಳಿದ ಅಂಕಿಗಳಿಗೆ ತಕ್ಕಂತೆ ಅಕ್ಷವನ್ನು ತಾನೇ ಬದಲಿಸಿಕೊಳ್ಳುತ್ತದೆ. ಅದ್ದಿದ ಹಣ್ಣಿನ ಗೆರೆ ಒಂದೇ ಇದ್ದಾಗ ಅಡ್ಡ ಅಕ್ಷ 16 ದಿನಕ್ಕೆ ಮುಗಿಯುತ್ತದೆ, ಗೆರೆ ಸ್ಲೈಡಿನ ತುಂಬ ಹರಡಿಕೊಳ್ಳುತ್ತದೆ. ಅದ್ದದ ಹಣ್ಣಿನ ಗೆರೆ ಬಂದ ಕೂಡಲೇ ಅಕ್ಷ 30 ದಿನಕ್ಕೆ ಹಿಗ್ಗುತ್ತದೆ, ಮೊದಲಿನ ಗೆರೆ ಎಡಕ್ಕೆ ಮುದುಡಿಕೊಳ್ಳುತ್ತದೆ. ಸಭೆಯವರಿಗೆ ಅದು ಬೇರೆ ಗೆರೆಯಂತೆ, ಅದರ ಇಳಿತ ಮೊದಲಿಗಿಂತ ಕಡಿದಾದಂತೆ ಕಾಣುತ್ತದೆ. ಇದನ್ನು ತಪ್ಪಿಸಲು `Format Axis` ಎಂಬಲ್ಲಿ `Minimum` ಮತ್ತು `Maximum` ಬೆಲೆಗಳನ್ನು ಕೈಯಿಂದ ತುಂಬಬೇಕು: ಅಡ್ಡ ಅಕ್ಷಕ್ಕೆ 0 ಮತ್ತು 25, ಉದ್ದ ಅಕ್ಷಕ್ಕೆ 0 ಮತ್ತು 80. ಮೂರು ಸ್ಲೈಡುಗಳನ್ನು ಬೇಗ ಬೇಗ ಹಿಂದೆ ಮುಂದೆ ಮಾಡಿ ನೋಡಿದಾಗ ಅಕ್ಷಗಳು ಒಂದಿಷ್ಟೂ ಅಲುಗದೆ ಗೆರೆಗಳು ಮಾತ್ರ ಕೂಡುತ್ತಿದ್ದರೆ ಕೆಲಸ ಸರಿಯಾಗಿದೆ. ಮೂರು ಗೆರೆ ಇರುವ ಪೂರ್ಣ ಸ್ಲೈಡನ್ನು ಮೊದಲು ಮಾಡಿ, `Ctrl+D` ಒತ್ತಿ ನಕಲು ತೆಗೆದು, ನಕಲಿನಿಂದ ಒಂದೊಂದು ಗೆರೆಯನ್ನು ಕಳೆಯುತ್ತಾ ಹಿಂದಕ್ಕೆ ಹೋಗುವುದು ಸುಲಭದ ದಾರಿ. ಇದನ್ನೇ ಒಂದು ಸ್ಲೈಡಿನಲ್ಲಿ ಅನಿಮೇಷನ್ ಹಾಕಿಯೂ ಮಾಡಬಹುದು, ಆದರೆ ಸಂಘಟಕರು ಕಡತವನ್ನು ಪಿಡಿಎಫ್ ಮಾಡಿಕೊಂಡರೆ ಅನಿಮೇಷನ್ ಉಳಿಯುವುದಿಲ್ಲ, ಎಲ್ಲವೂ ಒಂದೇ ಪುಟದ ಮೇಲೆ ಬಂದು ಕೂರುತ್ತದೆ. ಪ್ರತ್ಯೇಕ ಸ್ಲೈಡುಗಳಿಗೆ ಆ ಭಯವಿಲ್ಲ.

ಇನ್ನು ನಾನು ಅತ್ಯಂತ ಮುಖ್ಯವೆಂದು ತಿಳಿದಿರುವ ಮಾತು. ಪೋಸ್ಟರಿನಿಂದ ಒಂದು ನಕ್ಷೆಯನ್ನು ಎತ್ತಿದಾಗ ಅದರ ಅಡಿಟಿಪ್ಪಣಿ ಪೋಸ್ಟರಿನಲ್ಲಿಯೇ ಉಳಿದುಬಿಡುತ್ತದೆ, ಅಡಿಟಿಪ್ಪಣಿ ಉಳಿದರೆ ನಿಜ ಹೇಳುತ್ತಿದ್ದ ನಕ್ಷೆ ಸುಳ್ಳು ಹೇಳತೊಡಗುತ್ತದೆ. ನಮ್ಮ ಪೋಸ್ಟರಿನ ಕೋಷ್ಟಕದ ಕೊನೆಯ ಸಾಲಿನಲ್ಲಿ, ನಾವೆಲ್ಲ ಬರೆಯುವಂತೆ, ಶೇಕಡಾ 5ರ ಮಟ್ಟದಲ್ಲಿ ಸಿ.ಡಿ. ಬೆಲೆ ಇದೆ. ಎರಡು ಉಪಚಾರಗಳ ವ್ಯತ್ಯಾಸ ಈ ಬೆಲೆಗಿಂತ ಹೆಚ್ಚಿದ್ದರೆ ಮಾತ್ರ ಅದನ್ನು ವ್ಯತ್ಯಾಸವೆಂದು ಹೇಳುವ ಅಧಿಕಾರ ನಮಗಿದೆ. ಒಣಗುವ ದಿನಗಳಿಗೆ ಸಿ.ಡಿ. 1.6 ಎಂದಿಟ್ಟುಕೊಳ್ಳಿರಿ. 15ಕ್ಕೂ 13ಕ್ಕೂ ಇರುವ ವ್ಯತ್ಯಾಸ 2, ಆದುದರಿಂದ ಹೇಳಬಹುದು. ಬಣ್ಣಕ್ಕೆ ಒಂಬತ್ತು ಅಂಕಗಳ ಅಳತೆಯಲ್ಲಿ ಅದ್ದಿದ ಹಣ್ಣಿಗೆ 7.1, ಸಿಂಪಡಿಸಿದ ಹಣ್ಣಿಗೆ 7.4 ಬಂದಿದೆ, ಸಿ.ಡಿ. 0.5 ಇದೆ. ಇಲ್ಲಿ ವ್ಯತ್ಯಾಸ 0.3 ಮಾತ್ರ, ಹೇಳುವಂತಿಲ್ಲ. ಆದರೆ ಪೋಸ್ಟರಿನ ಬಣ್ಣದ ಕಂಬನಕ್ಷೆಯಲ್ಲಿ ಜಾಗ ಉಳಿಸಲೆಂದು ಅಕ್ಷವನ್ನು 5ರಿಂದ ಪ್ರಾರಂಭಿಸಲಾಗಿದೆ. ಹಾಗಾಗಿ ಒಂದು ಕಂಬದ ಎತ್ತರ 2.1, ಇನ್ನೊಂದರದು 2.4, ಎರಡನೆಯದು ಏಳರಲ್ಲೊಂದು ಪಾಲು ಎತ್ತರವಾಗಿ ಕಣ್ಣಿಗೆ ಹೊಡೆಯುತ್ತದೆ. ಪೋಸ್ಟರಿನಲ್ಲಿ ಕೆಳಗೆ ಸಿ.ಡಿ. ಬರೆದಿದ್ದರಿಂದ ತಿಳಿದವರು ಸಮಾಧಾನವಾಗಿ ನೋಡಿ ಮುಂದೆ ಹೋದರು. ಅದೇ ಕಂಬಗಳನ್ನು ಕತ್ತರಿಸಿ ಪರದೆಯ ತುಂಬ ಹರಡಿ, ಬಣ್ಣವೂ ಉತ್ತಮವಾಗಿ ಬಂದಿದೆ ಎಂದು ಬಾಯಿ ತಪ್ಪಿ ಹೇಳಿದರೆ, ಇಡೀ ಸಭೆ ಆಗದ ಸಂಗತಿಯೊಂದನ್ನು ಕಣ್ಣಾರೆ ಕಂಡೆವೆಂದು ನಂಬಿ ಎದ್ದು ಹೋಗುತ್ತದೆ. ಅವರಲ್ಲೊಬ್ಬರು ರೈತರಿಗೆ ಸಲಹೆ ಕೊಡುವವರಾಗಿದ್ದರೆ ಮುಂದಿನ ಹಂಗಾಮಿನಲ್ಲಿ ಆ ತಪ್ಪು ಯಾರದೋ ಶೆಡ್ಡಿನ ಖರ್ಚಾಗುತ್ತದೆ. ನಾನು ಇದನ್ನು ಬಹಳ ಗಟ್ಟಿಯಾಗಿ ಹೇಳುತ್ತಿದ್ದರೆ ಅದಕ್ಕೆ ಕಾರಣ ಇದು.

ಹಾಗಾದರೆ ಬಣ್ಣದ ಸ್ಲೈಡನ್ನು ಬಿಟ್ಟುಬಿಡಬೇಕೇ? ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಬೇಗ ಒಣಗಿದರೆ ಬಣ್ಣ ಕೆಡುತ್ತದೆಯೇ ಎಂಬುದು ಮನೂಕ ಮಾಡುವವರ ಮನಸ್ಸಿನಲ್ಲಿ ಬರುವ ಮೊದಲ ಸಂಶಯ. ಅದಕ್ಕೆ ಕೆಟ್ಟಿದ್ದು ಕಂಡುಬರಲಿಲ್ಲ ಎಂಬ ಉತ್ತರವೇ ಒಂದು ಫಲಿತಾಂಶ. ಆದುದರಿಂದ ಆ ನಕ್ಷೆಯನ್ನು ಸೊನ್ನೆಯಿಂದ ಪ್ರಾರಂಭಿಸಿ ಹೊಸದಾಗಿ ಬರೆಯಿರಿ, ಕಂಬಗಳ ತಲೆಯ ಮೇಲೆ ದೋಷದ ಗೆರೆಗಳನ್ನು ಉಳಿಸಿರಿ, ಆ ಗೆರೆ ಯಾವುದನ್ನು ಸೂಚಿಸುತ್ತದೆ ಎಂಬುದನ್ನು ಒಂದು ಮಾತಿನಲ್ಲಿ ಅಲ್ಲಿಯೇ ಬರೆಯಿರಿ. ಶೀರ್ಷಿಕೆಯ ಜಾಗದಲ್ಲಿ ಬಣ್ಣದ ಅಂಕಗಳು ಎಂದು ಬರೆಯದೆ, ಮತ್ತೆ ಸಿಂಪಡಿಸಿದ್ದರಿಂದ ಬಣ್ಣದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ ಎಂಬ ಪೂರ್ಣ ವಾಕ್ಯವನ್ನು ಬರೆಯಿರಿ. ಹೀಗೆ ಶೀರ್ಷಿಕೆಯಲ್ಲಿ ಒಂದು ಪ್ರತಿಪಾದನೆಯನ್ನು ವಾಕ್ಯವಾಗಿ ಇಟ್ಟು, ಅದರ ಕೆಳಗೆ ಅಂಶಗಳ ಪಟ್ಟಿಯ ಬದಲು ಚಿತ್ರರೂಪದ ಸಾಕ್ಷಿಯನ್ನು ಇಡುವ ಕ್ರಮವನ್ನು ಅಮೆರಿಕದ ಮೈಕೆಲ್ ಆಲಿ ಎಂಬ ಅಧ್ಯಾಪಕರು ಬಹಳ ಕಾಲದಿಂದ ಬೋಧಿಸುತ್ತಾ ಬಂದಿದ್ದಾರೆ. ವಾಕ್ಯ ಬರೆಯಲು ಕುಳಿತಾಗ ನೀವು ಏನನ್ನು ಹೇಳಬಲ್ಲಿರಿ, ಏನನ್ನು ಹೇಳಲಾರಿರಿ ಎಂಬುದು ನಿಮಗೇ ಸ್ಪಷ್ಟವಾಗುತ್ತದೆ. ಬಣ್ಣದ ಅಂಕಗಳು ಎಂಬ ಎರಡು ಪದಗಳ ಹಿಂದೆ ಅಡಗಿ ಕುಳಿತುಕೊಳ್ಳಲು ಬರುತ್ತದೆ, ಪೂರ್ಣ ವಾಕ್ಯದ ಹಿಂದೆ ಬರುವುದಿಲ್ಲ.

ನಡುವಿನ ನಾಲ್ಕು ಸ್ಲೈಡುಗಳು ಹೀಗೆ ನಿಂತ ಮೇಲೆ ಉಳಿದವು ಬೇಗನೆ ಆಗುತ್ತವೆ. ಮುಂದುಗಡೆ ಮೂರು ಬೇಕು. ಹೆಸರಿನ ಸ್ಲೈಡಿಗೆ ಇಪ್ಪತ್ತು ಸೆಕೆಂಡು ಸಾಕು, ಧನಸಹಾಯ ಮಾಡಿದವರ ಹೆಸರನ್ನು ಅಲ್ಲಿಯೇ ಕೆಳಗೆ ಸೇರಿಸಿದರೆ ಕೃತಜ್ಞತೆಗೆ ಬೇರೆ ಸ್ಲೈಡು ಬೇಡ. ಎರಡನೆಯದು ಸಮಸ್ಯೆ. ಪೋಸ್ಟರಿನ ನಾಲ್ಕು ಚಿಕ್ಕ ಚಿತ್ರಗಳಲ್ಲಿ ಶೆಡ್ಡಿನ ಒಂದನ್ನು ಮಾತ್ರ ತೆಗೆದುಕೊಂಡು ಸ್ಲೈಡಿನ ತುಂಬ ಹಾಕಿ, ಹಣ್ಣು ಬಲೆಯ ಮೇಲೆ ಇರುವ ಪ್ರತಿಯೊಂದು ದಿನವೂ ಮಳೆಯ ಮತ್ತು ಬೂಷ್ಟಿನ ಭಯದ ದಿನ ಎಂಬುದನ್ನು ಹೇಳಬೇಕು. ಚಿತ್ರವನ್ನು ವಾಟ್ಸ್ಆ್ಯಪ್‌ನಿಂದ ತೆಗೆದುಕೊಳ್ಳದೆ ಫೋನಿನಲ್ಲಿರುವ ಮೂಲ ಪ್ರತಿಯಿಂದಲೇ ತರಬೇಕು, ಪೋಸ್ಟರಿನ ಅಂಗೈ ಅಗಲದಲ್ಲಿ ಗೊತ್ತಾಗದಿದ್ದ ಮಸುಕು ಪರದೆಯ ಮೇಲೆ ಎದ್ದು ಕಾಣುತ್ತದೆ. ಮೂರನೆಯದು ವಿಧಾನ. ಪೋಸ್ಟರಿನಲ್ಲಿ ಇಪ್ಪತ್ತು ಸಾಲು ಇದ್ದ ವಿಧಾನವನ್ನು ಮೂರು ಬುಟ್ಟಿಗಳ ಒಂದು ರೇಖಾಚಿತ್ರಕ್ಕೆ ಇಳಿಸಬಹುದು: ಒಂದು ಹಾಗೆಯೇ, ಒಂದು ಅದ್ದಿದ್ದು, ಒಂದು ಅದ್ದಿ ಮೂರನೆಯ ದಿನ ಸಿಂಪಡಿಸಿದ್ದು, ಪ್ರತಿಯೊಂದಕ್ಕೂ ನಾಲ್ಕು ಪುನರಾವರ್ತನೆ, ಎಲ್ಲವೂ ಒಂದೇ ಶೆಡ್ಡಿನಲ್ಲಿ. ತೇವಾಂಶ ಅಳೆದ ಉಪಕರಣದ ಹೆಸರು, ತೂಕದ ಯಂತ್ರದ ನಿಖರತೆ ಇವು ಪ್ರಶ್ನೆ ಬಂದಾಗ ಹೇಳುವ ಸಂಗತಿಗಳು. ಸಮಸ್ಯೆಗೆ ಒಂದು ನಿಮಿಷ, ವಿಧಾನಕ್ಕೆ ಒಂದು ನಿಮಿಷ, ಮೂರು ಗೆರೆಗಳಿಗೆ ಮೂರು ನಿಮಿಷ, ಬಣ್ಣಕ್ಕೆ ಒಂದು ನಿಮಿಷ, ಕೊನೆಯ ಸ್ಲೈಡಿಗೆ ಒಂದು ನಿಮಿಷ. ಎಲ್ಲ ಸೇರಿ ಏಳು ನಿಮಿಷ ಇಪ್ಪತ್ತು ಸೆಕೆಂಡು. ಉಳಿದ ನಲವತ್ತು ಸೆಕೆಂಡು ವೇದಿಕೆ ಏರುವುದಕ್ಕೆ ಮತ್ತು ಮೈಕ್ ಸರಿಪಡಿಸಿಕೊಳ್ಳುವುದಕ್ಕೆ ಹೋಗುತ್ತದೆ, ಅದನ್ನು ಮಾತಿನಿಂದ ತುಂಬಬೇಡಿರಿ.

ಪೋಸ್ಟರಿನ ವಾಕ್ಯಗಳನ್ನು ಹಾಗೆಯೇ ಓದಿದರೆ ಈ ಲೆಕ್ಕ ನಿಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಪೋಸ್ಟರಿನಲ್ಲಿ ನಾವು, ಪೂರ್ವೋಪಚಾರಕ್ಕೆ ಒಳಪಡಿಸಲಾದ ಮಾದರಿಗಳಲ್ಲಿ ಒಣಗುವಿಕೆಯ ಅವಧಿಯು ಗಣನೀಯವಾಗಿ ಕಡಿಮೆಯಾಗಿರುವುದು ಕಂಡುಬಂದಿದೆ ಎಂದು ಬರೆಯುತ್ತೇವೆ. ಬಾಯಿಂದ ಹೇಳುವಾಗ ಅದು, ಅದ್ದಿದ ಹಣ್ಣು ಒಂಬತ್ತು ದಿನ ಮೊದಲೇ ಒಣಗಿತು ಎಂದಾಗಬೇಕು. ಪ್ರತಿಯೊಂದು ಸ್ಲೈಡಿನ ಕೆಳಗಿನ ಟಿಪ್ಪಣಿಯ ಜಾಗದಲ್ಲಿ ಇಂತಹ ಆಡುಮಾತಿನ ವಾಕ್ಯಗಳನ್ನು ಬರೆದು, ಗಡಿಯಾರ ಹಿಡಿದು ಗಟ್ಟಿಯಾಗಿ ಹೇಳಿ ನೋಡಿರಿ. ಮನಸ್ಸಿನಲ್ಲಿ ಹೇಳಿಕೊಂಡರೆ ಸಮಯ ಯಾವಾಗಲೂ ಕಡಿಮೆಯೇ ತೋರುತ್ತದೆ.

ಕೊನೆಯ ಸ್ಲೈಡಿನಲ್ಲಿ ಎರಡು ಮಾತು ಇರಬೇಕು. ಒಂದು ಫಲಿತಾಂಶ: ಮೂರನೆಯ ದಿನದ ಸಿಂಪಡಣೆಯಿಂದ ಎರಡು ದಿನ ಉಳಿದವು, ಬಣ್ಣದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಇನ್ನೊಂದು ಅದರ ಮಿತಿ: ಇದು ಒಂದು ಹಂಗಾಮಿನ, ಒಂದು ಶೆಡ್ಡಿನ ಪ್ರಯೋಗ. ಪೋಸ್ಟರಿನಲ್ಲಿ ಚರ್ಚೆಯ ಚೌಕದ ಒಳಗೆಲ್ಲೋ ಸಣ್ಣ ಅಕ್ಷರದಲ್ಲಿದ್ದ ಈ ಮಿತಿಯನ್ನು ಇಲ್ಲಿ ಫಲಿತಾಂಶದಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಧನ್ಯವಾದಗಳು ಎಂದು ಹೂವಿನ ಚಿತ್ರದೊಂದಿಗೆ ಬರುವ ಸ್ಲೈಡನ್ನು ತೆಗೆದುಹಾಕಿರಿ. ಪ್ರಶ್ನೆಯ ಎರಡು ನಿಮಿಷಗಳಲ್ಲಿ ಪರದೆಯ ಮೇಲೆ ಇರಬೇಕಾದುದು ಪ್ರಶ್ನೆ ಕೇಳಲು ಆಧಾರವಾಗುವ ಸ್ಲೈಡು, ಧನ್ಯವಾದವನ್ನು ಬಾಯಿಂದ ಹೇಳಿದರೆ ಸಾಕು.

ಬಿಟ್ಟುಬಂದ ಭಾಗಗಳು ಈಗ ಉಪಯೋಗಕ್ಕೆ ಬರುತ್ತವೆ. ಕೊನೆಯ ಸ್ಲೈಡಿನ ನಂತರ ಪೂರ್ಣ ಕೋಷ್ಟಕವನ್ನು ಒಂದು ಸ್ಲೈಡಿನಲ್ಲಿ, ಸಕ್ಕರೆ ಮತ್ತು ಆಮ್ಲದ ನಕ್ಷೆಯನ್ನು ಇನ್ನೊಂದರಲ್ಲಿ, ವಿಧಾನದ ವಿವರಗಳನ್ನು ಮತ್ತೊಂದರಲ್ಲಿ ಇಟ್ಟುಕೊಳ್ಳಿರಿ. ಇವು ಮಾತಿನಲ್ಲಿ ಬರುವುದಿಲ್ಲ. ಸಿಂಪಡಿಸಿದ ಹಣ್ಣಿನಲ್ಲಿ ಆಮ್ಲದ ಪ್ರಮಾಣ ಏನಾಯಿತು ಎಂದು ಯಾರಾದರೂ ಕೇಳಿದರೆ, ಹತ್ತನೆಯ ಸ್ಲೈಡು ಅದಾಗಿದ್ದರೆ, ಪ್ರದರ್ಶನ ನಡೆಯುತ್ತಿರುವಾಗಲೇ ಕೀಲಿಮಣೆಯಲ್ಲಿ 10 ಒತ್ತಿ `Enter` ಒತ್ತಿದರೆ ನೇರವಾಗಿ ಅಲ್ಲಿಗೆ ಹೋಗುತ್ತದೆ. ಹೊರಡುವ ಮೊದಲು ಈ ಸ್ಲೈಡುಗಳ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿರಿ. ಪೋಸ್ಟರನ್ನೂ ಸುತ್ತಿಕೊಂಡು ಜೊತೆಗೆ ಒಯ್ಯಿರಿ. ಎರಡು ನಿಮಿಷದಲ್ಲಿ ಮುಗಿಯದ ಪ್ರಶ್ನೆಗಳನ್ನು ಹಿಡಿದುಕೊಂಡು ಬರುವವರು ಚಹಾದ ವೇಳೆಯಲ್ಲಿ ನಿಮ್ಮನ್ನು ಹುಡುಕುತ್ತಾರೆ, ಆಗ ಅವರನ್ನು ಕರೆದುಕೊಂಡು ಹೋಗಿ ನಿಲ್ಲಿಸಬೇಕಾದುದು ಆ ಕೋಷ್ಟಕದ ಮುಂದೆಯೇ.